ಕೈತಪ್ಪು ಯಾವುದು, ಬಾಯಿಮಾತು ಯಾವುದು: ಕರಡು ತಿದ್ದುವವರು ಮುಟ್ಟದೆ ಬಿಡಬೇಕಾದ ‘ತಪ್ಪು’ಗಳು

ಪ್ರೂಫ್ ನೋಡಲು ಕಲಿಯುತ್ತಿದ್ದ ಹೊಸದರಲ್ಲಿ ನಾನು ಮಾಡಿದ ಒಂದು ತಿದ್ದುಪಡಿ ಇವತ್ತಿಗೂ ಮನಸ್ಸಿನಲ್ಲಿದೆ. ಉತ್ತರ ಕರ್ನಾಟಕದ ಹಿರಿಯ ಹೆಂಗಸೊಬ್ಬರ ಸಂದರ್ಶನ ಅದು. ‘ನಾ ಐದನೇ ಕ್ಲಾಸ್ ಮಟ ಕಲ್ತೀನಿ’ ಎಂದಿದ್ದರು. ‘ಮಟ’ ಎಂಬುದು ಕಣ್ಣಿಗೆ ಬಿದ್ದ ಕೂಡಲೇ ಮಹಾಪ್ರಾಣ ಬಿಟ್ಟುಹೋಗಿದೆ ಎಂದುಕೊಂಡು ಅದನ್ನು ‘ಮಠ’ ಮಾಡಿದೆ. ಆ ಕಡೆಯ ಮಾತಿನಲ್ಲಿ ‘ಮಟ’ ಎಂದರೆ ‘ತನಕ’. ಐದನೇ ತರಗತಿಯ ತನಕ ಓದಿದ್ದೇನೆ ಎಂದವರು ಅಚ್ಚಿನಲ್ಲಿ ಯಾವುದೋ ಮಠದಲ್ಲಿ ಓದಿದವರಾದರು. ಅವರ ಮಾತಿನಲ್ಲಿ ತಪ್ಪೇ ಇರಲಿಲ್ಲ. ಇದ್ದ ಒಂದೇ ತಪ್ಪು ನಾನು ಹಾಕಿದ್ದು.

ಕಾಗುಣಿತ ಗೊತ್ತಿಲ್ಲದವರು ಮಾಡುವ ತಪ್ಪಲ್ಲ ಇದು. ಕಾಗುಣಿತ ಚೆನ್ನಾಗಿ ಗೊತ್ತಿರುವವರೇ ಮಾಡುವ ತಪ್ಪು. ತಿದ್ದುವ ಕೆಲಸದಲ್ಲಿ ಪಳಗಿದಷ್ಟೂ ಕಣ್ಣು ಚುರುಕಾಗುತ್ತದೆ, ಕಣ್ಣು ಚುರುಕಾದಷ್ಟೂ ಕೈ ತಾನಾಗಿಯೇ ಓಡುತ್ತದೆ. ಬೇರೆಯವರ ಬರಹದಿಂದ ಎತ್ತಿಕೊಂಡ ಉಲ್ಲೇಖ, ಆಡುಮಾತಿನ ಸಂಭಾಷಣೆ, ಬೇಕೆಂದೇ ಸಲಿಗೆಯ ದನಿಯಲ್ಲಿ ಬರೆದ ಜಾಹೀರಾತು, ಈ ಮೂರು ಕಡೆ ಆ ಓಡುವ ಕೈಯನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿದ ಮೇಲೆ ಏನು ಕೇಳಿಕೊಳ್ಳಬೇಕು ಎಂಬುದೇ ನಿಜವಾದ ವಿಷಯ.

‘ಇದು ಸರಿಯೋ ತಪ್ಪೋ’ ಎಂಬ ಪ್ರಶ್ನೆಯಿಂದ ಇಲ್ಲಿ ಏನೂ ಬಗೆಹರಿಯುವುದಿಲ್ಲ. ನಾನು ಕೇಳಿಕೊಳ್ಳುವುದು ಬೇರೆ: ಇದು ಎಲ್ಲಿ ಹುಟ್ಟಿತು? ಮಾತಾಡಿದವರ ಬಾಯಲ್ಲಿ ಹುಟ್ಟಿದ್ದರೆ ಅದು ಅವರ ಮಾತು, ಅದನ್ನು ಮುಟ್ಟುವ ಹಕ್ಕು ನನಗಿಲ್ಲ. ಬೆರಳಚ್ಚು ಮಾಡಿದವರ ಕೈಯಲ್ಲಿ ಹುಟ್ಟಿದ್ದರೆ ಅದು ಕೈತಪ್ಪು, ತಿದ್ದಲೇಬೇಕು. ಎರಡೂ ಅಲ್ಲದ ಮೂರನೆಯದೊಂದಿದೆ. ಅದು ಬರೆದುಕೊಂಡವರ ಕಣ್ಣಿನಲ್ಲಿ ಹುಟ್ಟುವಂಥದ್ದು, ಮೂರರಲ್ಲಿ ಗುರುತಿಸಲು ಕಷ್ಟವಾದದ್ದು ಅದೇ.

ಬಾಯಿಯದೋ ಕೈಯದೋ ಎಂದು ತಿಳಿಯುವ ಮೊದಲ ದಾರಿ ಗಟ್ಟಿಯಾಗಿ ಓದಿ ನೋಡುವುದು. ಆಡುಮಾತು ಶಬ್ದಗಳನ್ನು ಮನಸ್ಸಿಗೆ ಬಂದಂತೆ ತುಂಡರಿಸುವುದಿಲ್ಲ, ಅದಕ್ಕೊಂದು ಕಟ್ಟು ಇದೆ. ‘ಮಾಡಿಕೊಳ್ಳಿ’ ಎಂಬುದು ‘ಮಾಡ್ಕೊಳ್ಳಿ’ ಆಗುವಾಗ ನಡುವಿನ ಸ್ವರ ಬೀಳುತ್ತದೆ. ‘ತೆಗೆದುಕೊ’ ಎಂಬುದು ‘ತಗೋ’ ಆಗುವಾಗಲೂ ನಡುವಿನದೇ ಕರಗುವುದು. ಬಾಯಿ ಸಲೀಸಾಗಿ ಹೊರಳುತ್ತದೆ. ಕೈತಪ್ಪು ಹಾಗಲ್ಲ. ‘ಮಾಡಿಕೊಳ್ಳಿ’ಯ ಬದಲು ‘ಮಾಡಿಕೊಳಳ್ಳಿ’ ಎಂದಿದ್ದರೆ ಓದುವಾಗಲೇ ನಾಲಗೆ ಎಡವುತ್ತದೆ. ಯಾರ ಬಾಯಲ್ಲೂ ಬರದ ರೂಪ ಕೀಲಿಮಣೆಯಿಂದಲೇ ಬಂದಿರಬೇಕು.

ಎರಡನೆಯ ದಾರಿ ಮರುಕಳಿಕೆ. ಒಬ್ಬರ ಮಾತಿನಲ್ಲಿ ಒಂದು ರೂಪ ಐದು ಕಡೆ ಬಂದು ಐದೂ ಕಡೆ ಒಂದೇ ತರಹ ಇದ್ದರೆ ಅದು ಅವರ ವ್ಯಾಕರಣ. ಐದರಲ್ಲಿ ನಾಲ್ಕು ಒಂದು ತರಹ, ಒಂದು ಮಾತ್ರ ಬೇರೆ ಎಂದಾದರೆ ಆ ಒಂದರ ಮೇಲೆ ಅನುಮಾನ ಪಡಬೇಕು. ಆದರೆ ಅನುಮಾನ ಬಂತೆಂದು ತಿದ್ದಿಬಿಡಬಾರದು, ಏಕೆ ಎಂಬುದು ಮುಂದೆ ಬರುತ್ತದೆ.

ಇದನ್ನೆಲ್ಲ ಒಂದು ತುಣುಕಿನ ಮೇಲೆ ಇಟ್ಟು ನೋಡೋಣ. ಈ ಲೇಖನಕ್ಕೆಂದೇ ಕಟ್ಟಿದ ಮಾತುಗಳಿವು. ಧ್ವನಿಮುದ್ರಿಕೆಯಿಂದ ಬರೆದುಕೊಂಡ ಸಂದರ್ಶನ ಡೆಸ್ಕಿಗೆ ಹೀಗೆ ಬಂದಿದೆ ಎಂದುಕೊಳ್ಳಿ:

‘ನಮ್ಮ ಊರಾಗ ಸಾಲಿ ಇರಲಿಲ್ಲ. ನಾ ಐದನೇ ಕ್ಲಾಸ್ ಮಟ ಕಲ್ತೀನಿ, ಅದೂ ಅಜ್ಜಿ ಮನ್ಯಾಗ ಇದ್ದು. ಅವ್ವ ದಿನಾ ಹೇಳಾಕಿ, ಓದಾಕ ಬರ್ಯಾಕ ಬಂದ್ರ ಸಾಕು ಅಂತ. ಈಗ ನನ್ನ ಮಗಳು ಕಾಲೇಜಿನಲ್ಲಿ ಓದಾಕತ್ತಾಳ. ಆಕಿ ಮನಿಗೆ ಬಂದಾಗ ನನಗ ಓದಿ ಹೆಳ್ತಾಳ. ಆ ವಿಶಯ ಎಲ್ಲಾ ನನಗೂ ತಿಳಿತೈತಿ.’

ಗ್ರಾಂಥಿಕ ಕನ್ನಡದ ಕಣ್ಣಿನಿಂದ ನೋಡಿದರೆ ಸಾಲುಸಾಲಿಗೂ ಕೆಂಪು ಗೆರೆ ಎಳೆಯಬೇಕು. ನಿಜವಾಗಿ ತಿದ್ದಬೇಕಾದದ್ದು ಎರಡೇ. ಕೇಳಿ ತಿಳಿಯಬೇಕಾದದ್ದು ಒಂದು. ಮಿಕ್ಕಿದ್ದೆಲ್ಲ ಹಾಗೇ ಇರಬೇಕು.

ಮೊದಲು ‘ಊರಾಗ’, ‘ಮನ್ಯಾಗ’. ಅಲ್ಲಿಯ ಸಪ್ತಮಿ ವಿಭಕ್ತಿಯೇ ಹಾಗೆ, ನಮ್ಮ ‘ಅಲ್ಲಿ’ ಇರುವ ಜಾಗದಲ್ಲಿ ‘ಆಗ’ ಬರುತ್ತದೆ. ‘ಸಾಲಿ’ ಎಂದರೆ ಶಾಲೆ. ಕೊನೆಯ ಎಕಾರ ಇಕಾರವಾಗುವುದು ಆ ಮಾತಿನ ಕ್ರಮ, ಮನೆ ‘ಮನಿ’ ಆದ ಹಾಗೆ. ಇದನ್ನು ಕಂಪ್ಯೂಟರಿನಲ್ಲಿ ಒಮ್ಮೆಗೇ ಹುಡುಕಿ ಬದಲಿಸುವ ಆಸೆ ಯಾರಿಗಾದರೂ ಬಂದೀತು. ‘ಸಾಲಿ’ ಇದ್ದಲ್ಲೆಲ್ಲ ‘ಶಾಲೆ’ ಹಾಕೆಂದರೆ ಅದೇ ಕಡತದಲ್ಲಿ ಬೇರೆಲ್ಲೋ ಇರುವ ‘ಸಾಲಿನಲ್ಲಿ’ ಎಂಬ ಒಳ್ಳೆಯ ಶಬ್ದ ‘ಶಾಲೆನಲ್ಲಿ’ ಆಗಿ ಕೂರುತ್ತದೆ. ಆಡುಮಾತು ಇರುವ ಕಡತದಲ್ಲಿ ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ನಾನು ಒತ್ತುವುದೇ ಇಲ್ಲ.

‘ಹೇಳಾಕಿ’ಯನ್ನು ಸ್ವಲ್ಪ ಹೊತ್ತು ನೋಡಬೇಕು. ಅದೇ ವಾಕ್ಯದಲ್ಲಿ ‘ಓದಾಕ’, ‘ಬರ್ಯಾಕ’ ಇವೆ. ಹಾಗಾದರೆ ‘ಹೇಳಾಕಿ’ಯೂ ‘ಹೇಳಾಕ’ ಆಗಬೇಕಲ್ಲವೇ, ಗುಡಿಸು ತಪ್ಪಿ ಬಿದ್ದಿದೆಯೇ ಎನಿಸುತ್ತದೆ. ಇಲ್ಲ. ‘ಹೇಳಾಕ’ ಎಂದರೆ ಹೇಳಲಿಕ್ಕೆ. ‘ಹೇಳಾಕಿ’ ಎಂದರೆ ಹೇಳುತ್ತಿದ್ದಳು, ದಿನವೂ ಹೇಳುವಾಕೆ. ಒಂದು ಸ್ವರಚಿಹ್ನೆ ತೆಗೆದರೆ ತಾಯಿ ದಿನವೂ ಹೇಳುತ್ತಿದ್ದ ಮಾತು ವಾಕ್ಯದಿಂದಲೇ ಮಾಯವಾಗುತ್ತದೆ. ಆ ಮಾತು ಗೊತ್ತಿಲ್ಲದವರು ಆ ಮಾತನ್ನು ‘ಸಮಗೊಳಿಸಲು’ ಹೋದರೆ ಆಗುವ ಅಪಾಯ ಇದೇ.

‘ಮನಿಗೆ’ ಮತ್ತು ‘ನನಗ’ ಇನ್ನೊಂದು ಬಲೆ. ಒಂದು ಕಡೆ ‘ಗೆ’, ಇನ್ನೊಂದು ಕಡೆ ‘ಗ’. ಹೊಸ ಉತ್ಸಾಹದ ಸಂಪಾದಕರು ಇದನ್ನು ಅಸಮಂಜಸವೆಂದು ಎಣಿಸಿ ‘ಮನಿಗ’ ಎಂದು ತಿದ್ದಿಯಾರು. ಧಾರವಾಡದ ಕಡೆ ‘ನನಗ, ನಿನಗ’ ಎನ್ನುವವರೇ ‘ಮನಿಗೆ’ ಎನ್ನುತ್ತಾರೆ. ಹಿಂದಿನ ಸ್ವರ ನೋಡಿ ಪ್ರತ್ಯಯ ಬದಲಾಗುತ್ತದೆ. ಹೊರಗಿನವರಿಗೆ ಎಡವಟ್ಟಾಗಿ ಕಂಡದ್ದು ಒಳಗಿನ ನಿಯಮ. ‘ಓದಾಕತ್ತಾಳ’ವನ್ನು ‘ಓದಾಕತ್ತಾಳೆ’ ಮಾಡುವುದೂ ಇಂಥದ್ದೇ ಕೆಲಸ. ಅರ್ಧ ಅವರ ಮಾತು, ಅರ್ಧ ನಮ್ಮ ಗ್ರಾಂಥಿಕ ಪ್ರತ್ಯಯ ಸೇರಿ ಯಾರೂ ಆಡದ ಒಂದು ಭಾಷೆ ತಯಾರಾಗುತ್ತದೆ. ಆಡುಮಾತನ್ನು ಪೂರ್ತಿ ಗ್ರಾಂಥಿಕಕ್ಕೆ ತಂದರೂ ಒಪ್ಪಬಹುದು, ಈ ಅರೆಬರೆ ತಿದ್ದುಪಡಿಯನ್ನು ಮಾತ್ರ ಒಪ್ಪಲಾಗದು.

ಇನ್ನು ತಿದ್ದಲೇಬೇಕಾದದ್ದು. ‘ಹೆಳ್ತಾಳ’ದಲ್ಲಿ ದೀರ್ಘ ಬಿಟ್ಟುಹೋಗಿದೆ. ಎರಡು ವಾಕ್ಯಗಳ ಹಿಂದೆ ಅದೇ ಧಾತು ‘ಹೇಳಾಕಿ’ ಎಂದು ದೀರ್ಘವಾಗಿಯೇ ಬಂದಿದೆ. ಗಟ್ಟಿಯಾಗಿ ಓದಿದರೆ ನಾಲಗೆಯೂ ಒಪ್ಪುವುದಿಲ್ಲ. ಇದು ಕೈತಪ್ಪು, ಆಡುಮಾತಿನ ನೆರಳಿನಲ್ಲಿ ಅಡಗಿ ಕೂತ ಕೈತಪ್ಪು. ಆಡುಮಾತಿನ ಪುಟಗಳಲ್ಲಿ ಇಂಥವು ತಪ್ಪಿಸಿಕೊಳ್ಳುವುದು ಹೆಚ್ಚು. ‘ಅಲ್ಲಿ ಹಾಗೇ ಹೇಳ್ತಾರೇನೋ’ ಎಂದು ನಾವೇ ದಾರಿ ಬಿಟ್ಟುಕೊಡುತ್ತೇವೆ. ಮುಟ್ಟಬಾರದ್ದನ್ನು ಮುಟ್ಟದಿರುವುದು ಎಷ್ಟು ಮುಖ್ಯವೋ ಆ ಹೆಸರಿನಲ್ಲಿ ಕೈತಪ್ಪುಗಳನ್ನು ಸಾಕದಿರುವುದೂ ಅಷ್ಟೇ ಮುಖ್ಯ.

‘ಕಾಲೇಜಿನಲ್ಲಿ’ ಎಂಬುದು ಕೇಳಿ ತಿಳಿಯಬೇಕಾದದ್ದು. ಊರಾಗ, ಮನ್ಯಾಗ ಎಂದವರು ‘ಕಾಲೇಜಿನ್ಯಾಗ’ ಎನ್ನದೆ ‘ಕಾಲೇಜಿನಲ್ಲಿ’ ಎಂದರೇ? ಬರೆದುಕೊಂಡವರ ಕೈ ಅಭ್ಯಾಸಬಲದಿಂದ ಗ್ರಾಂಥಿಕಕ್ಕೆ ಜಾರಿರಬಹುದು. ಅವರೇ ಹಾಗೆ ಹೇಳಿದ್ದಿರಲೂಬಹುದು. ಮಗಳ ಕಾಲೇಜಿನ ಸುದ್ದಿ ಬಂದಾಗ, ಎದುರಿಗೆ ಓದಿದವರು ಕೂತಿದ್ದಾಗ, ಮಾತು ಒಂದು ಗಳಿಗೆ ಪುಸ್ತಕದ ಕಡೆಗೆ ಹೊರಳುವುದು ಎಲ್ಲರಲ್ಲೂ ಇದೆ. ಆ ಹೊರಳು ಆ ವ್ಯಕ್ತಿಯ ಬಗ್ಗೆಯೇ ಏನನ್ನೋ ಹೇಳುತ್ತಿರುತ್ತದೆ. ಮೇಜಿನ ಮುಂದೆ ಕೂತು ಇದನ್ನು ತೀರ್ಮಾನಿಸಲು ಬರುವುದಿಲ್ಲ, ಧ್ವನಿಮುದ್ರಿಕೆ ಕೇಳಬೇಕು. ಮರುಕಳಿಕೆ ನೋಡಿ ಅನುಮಾನ ಪಡಬೇಕು, ತಿದ್ದಬಾರದು ಎಂದದ್ದು ಇದಕ್ಕೇ. ಒಬ್ಬರ ಮಾತು ಆರಂಭದಿಂದ ಕೊನೆಯವರೆಗೆ ಒಂದೇ ಅಚ್ಚಿನಲ್ಲಿ ಇರಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

ಉಳಿದದ್ದು ‘ವಿಶಯ’. ಮೂರನೆಯ ಬಗೆ ಎಂದೆನಲ್ಲ, ಅದು ಇದು. ‘ವಿಷಯ’ ಎಂದು ಬರೆದರೂ ‘ವಿಶಯ’ ಎಂದು ಬರೆದರೂ ಬಹುಪಾಲು ಕನ್ನಡಿಗರ ಬಾಯಲ್ಲಿ ಕೇಳುವುದು ಒಂದೇ. ಶ ಮತ್ತು ಷ ಬೇರೆಬೇರೆಯಾಗಿ ಉಚ್ಚರಿಸುವವರು ಓದಿದವರಲ್ಲೂ ತೀರ ಕಡಿಮೆ. ಹಾಗಿದ್ದಮೇಲೆ ಈ ಹೆಂಗಸಿನ ಮಾತಿನಲ್ಲಿ ಮಾತ್ರ ‘ವಿಶಯ’ ಎಂದು ಬರೆಯುವುದು ಯಾವ ದನಿಯನ್ನೂ ಹಿಡಿಯುವುದಿಲ್ಲ. ಓದುಗರಿಗೆ ‘ಇವರಿಗೆ ಅಕ್ಷರ ಬರುವುದಿಲ್ಲ’ ಎಂದು ಕಣ್ಸನ್ನೆ ಮಾಡುತ್ತದೆ ಅಷ್ಟೆ. ಬರೆದುಕೊಂಡವರು ಬೇಕೆಂದೇ ಮಾಡಿರಲಿಕ್ಕಿಲ್ಲ, ಪರಿಣಾಮ ಮಾತ್ರ ಅದೇ. ಇಂಗ್ಲಿಷ್ ಬರವಣಿಗೆಯಲ್ಲಿ ಇದಕ್ಕೆ ‘ಐ ಡಯಲೆಕ್ಟ್’ ಎಂಬ ಹೆಸರೇ ಇದೆ, ಕಣ್ಣಿಗೆ ಮಾತ್ರ ಕಾಣುವ ಆಡುಮಾತು. ಜಾರ್ಜ್ ಫಿಲಿಪ್ ಕ್ರಾಪ್ ಎಂಬ ವಿದ್ವಾಂಸ 1925ರಲ್ಲಿ ಬಳಸಿದ ಹೆಸರದು. ಎಲ್ಲರೂ ಒಂದೇ ರೀತಿ ಉಚ್ಚರಿಸುವ ‘ವಾಸ್’ ಎಂಬ ಶಬ್ದದ ಕಾಗುಣಿತವನ್ನು ಒಬ್ಬ ಪಾತ್ರದ ಬಾಯಲ್ಲಿ ಮಾತ್ರ ಕೆಡಿಸಿ ಬರೆಯುವುದು ಅದಕ್ಕೆ ಮಾಮೂಲಿ ಉದಾಹರಣೆ.

ಕನ್ನಡದಲ್ಲಿ ಈ ಕಣ್ಣಿನ ತಪ್ಪು ನುಸುಳುವ ದೊಡ್ಡ ಬಾಗಿಲು ಮಹಾಪ್ರಾಣ. ದಿನದ ಮಾತಿನಲ್ಲಿ ಖ, ಘ, ಭ, ಧಗಳನ್ನು ಒತ್ತಿ ಹೇಳುವವರು ವಿರಳ. ಒಂದೇ ವರದಿಯಲ್ಲಿ ಅಧಿಕಾರಿಯ ಬಾಯಲ್ಲಿ ‘ಭೂಮಿ’, ರೈತನ ಬಾಯಲ್ಲಿ ‘ಬೂಮಿ’ ಎಂದು ಬಂದರೆ ಇಬ್ಬರ ಧ್ವನಿಮುದ್ರಿಕೆಯನ್ನೂ ಒಟ್ಟಿಗೆ ಕೇಳಿ ನೋಡಬೇಕು. ಇಬ್ಬರೂ ಒಂದೇ ತರಹ ಹೇಳಿದ್ದರೆ ಕಾಗುಣಿತವೂ ಒಂದೇ ಆಗಬೇಕು. ಕ್ರಿಯಾಪದಕ್ಕೂ ಇದೇ ಮಾತು. ಅಧಿಕಾರಿಯೂ ‘ಮಾಡ್ತೀವಿ’ ಎಂದೇ ಹೇಳಿರುತ್ತಾರೆ, ಅಚ್ಚಿನಲ್ಲಿ ಅವರದು ‘ಮಾಡುತ್ತೇವೆ’ ಆಗಿರುತ್ತದೆ, ರೈತನದು ಮಾತ್ರ ‘ಮಾಡ್ತೀವಿ’ಯಾಗಿಯೇ ಉಳಿದಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ತಪ್ಪಿಲ್ಲ. ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟಾಗ ತಾರತಮ್ಯ ಎದ್ದು ಕಾಣುತ್ತದೆ. ಆಡುಮಾತಿನ ಬಗ್ಗೆ ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದ್ದರೆ ನಾನು ಮಾಡುವುದು ಇದನ್ನೇ: ಈ ಪುಟದಲ್ಲಿ ಯಾರ ಮಾತನ್ನು ತಿದ್ದಿದ್ದಾರೆ, ಯಾರ ಮಾತನ್ನು ತಿದ್ದದೆ ಬಿಟ್ಟಿದ್ದಾರೆ?

ಕಿವಿಗೆ ಕೇಳುವ ವ್ಯತ್ಯಾಸದ ಮಾತು ಬೇರೆ. ಹಕಾರ ಬಿಟ್ಟು ‘ಹಾಲು’ ಎಂಬುದನ್ನು ‘ಆಲು’ ಎನ್ನುವವರು ನಿಜವಾಗಿ ಹಾಗೇ ಹೇಳುತ್ತಾರೆ, ಅದನ್ನು ಹಾಗೇ ಬರೆಯಬಹುದು. ಆದರೆ ‘ಮಕ್ಳು ಆಡ್ತವೆ’ ಎಂದು ಬರೆದಾಗ ಮಕ್ಕಳು ಆಟವಾಡುತ್ತಿದ್ದಾರೋ ಹಾಡುತ್ತಿದ್ದಾರೋ ಓದುಗರಿಗೆ ತಿಳಿಯದೆ ಹೋಗಬಹುದು. ಮಾತಾಡುವವರ ಎದುರಿಗಿದ್ದವರಿಗೆ ಸಂದರ್ಭ ನೆರವಾಗಿರುತ್ತದೆ, ಅಚ್ಚಿನಲ್ಲಿ ಅದಿಲ್ಲ. ಆಗಲೂ ಉದ್ಧರಣ ಚಿಹ್ನೆಯ ಒಳಗೆ ಕೈ ಹಾಕುವುದಿಲ್ಲ. ಹಿಂದಿನ ವಾಕ್ಯದಲ್ಲಿ ಲೇಖಕರ ದನಿಯಲ್ಲೇ ‘ಸಂಜೆಯ ಹಾಡಿನ ಬಗ್ಗೆ ಹೇಳುತ್ತಾ’ ಎಂದು ಸೇರಿಸಲು ಕೇಳುತ್ತೇನೆ. ಗೊಂದಲ ಹೊರಗೇ ಬಗೆಹರಿಯುತ್ತದೆ.

ಕನ್ನಡಗಳು ಹಲವು, ಆದ್ದರಿಂದ ದೋಷವನ್ನು ಇಷ್ಟೇ ಎಂದು ಎಣಿಸಿ ಹೇಳಲು ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಪದ್ಯವೊಂದು 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ. ಕೆಲಸದ ನಡುವೆ ನನಗೆ ಅದು ಆಗಾಗ ನೆನಪಾಗುತ್ತದೆ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅತಿ ಹಳೆಯದೇ ಕನ್ನಡಗಳು ಹಲವೆಂದು ಒಪ್ಪಿಕೊಂಡು ಹೊರಟಿದೆ.

ಬರಹದಿಂದ ಎತ್ತಿಕೊಂಡ ಉಲ್ಲೇಖಕ್ಕೆ ಬಂದರೆ ಬಾಯಿಯ ಪ್ರಶ್ನೆ ಇಲ್ಲ. ಇಲ್ಲಿರುವುದು ಕೈಗಳು, ಅದೂ ಹಲವು ಕೈಗಳು. ಮೂಲ ಬರೆದವರದೊಂದು, ಅದನ್ನು ಅಚ್ಚು ಮಾಡಿದವರದೊಂದು, ಈಗ ಉಲ್ಲೇಖಿಸಿದ ಲೇಖಕರದೊಂದು. ಹಳೆಯ ಪತ್ರವೊಂದರಲ್ಲಿ ‘ಯೆಲ್ಲರೂ’, ‘ಯಿದು’, ‘ಯೆಂದು’ ಎಂದು ಎಲ್ಲೆಡೆ ಇದ್ದರೆ ಅದು ಆ ಕಾಲದವರು ಬರೆಯುತ್ತಿದ್ದ ರೀತಿ, ಮುಟ್ಟುವಂತಿಲ್ಲ. ಅದೇ ಪತ್ರದಲ್ಲಿ ಒಂದೇ ಕಡೆ ‘ಯೆಲರೂ’ ಎಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ಮೂಲದ ಚಿತ್ರ ತೆಗೆದು ನೋಡಬೇಕು. ಪತ್ರದಲ್ಲಿ ಒತ್ತು ಇದ್ದು ನಮ್ಮ ಕಡತದಲ್ಲಿ ಇಲ್ಲದಿದ್ದರೆ ಅದು ನಮ್ಮ ತಪ್ಪು, ಮರುಮಾತಿಲ್ಲದೆ ಸರಿಪಡಿಸಬೇಕು. ಪತ್ರದಲ್ಲೇ ಇಲ್ಲದಿದ್ದರೆ ಹಾಗೇ ಇರಲಿ. ಉಲ್ಲೇಖವನ್ನು ಮೂಲದ ಜೊತೆ ಹೋಲಿಸದೆ ತಿದ್ದಲು ಕೂರುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುವುದು, ಈ ಹಳೆಯ ಕ್ರಮವೇ ಇವತ್ತಿಗೂ ಹೆಚ್ಚು ತಪ್ಪು ಹಿಡಿಯುತ್ತದೆ.

ಈಗ ಇನ್ನೊಂದು ಕೈ ಸೇರಿದೆ. ಹಳೆಯ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ, ಹಳೆಯ ಫಾಂಟಿನಿಂದ ಯುನಿಕೋಡಿಗೆ ತರುವ ಪರಿವರ್ತಕ. ಇವುಗಳಿಂದ ಬಂದ ಪಠ್ಯದಲ್ಲಿ ‘ಸೂರ್ಯ’ ಎಂಬುದು ‘ಸೂಯ೯’ ಆಗಿರುವುದನ್ನು ನೋಡಬಹುದು. ಅದು ಹಳೆಯ ಕಾಗುಣಿತವೇನೋ ಎಂದು ಗೌರವದಿಂದ ಬಿಟ್ಟವರಿದ್ದಾರೆ. ಅಲ್ಲ. ಮೂಲದಲ್ಲಿ ಇರುವುದು ಅರ್ಕಾವೊತ್ತು. ಅದರ ಆಕಾರ ಕನ್ನಡ ಅಂಕಿ ಒಂಬತ್ತನ್ನು ಹೋಲುವುದರಿಂದ ಅಂಕಿಯೇ ಬಂದು ಕೂತಿದೆ. ಬರೆದವರೂ ಹಾಗೆ ಬರೆದಿಲ್ಲ, ಅಚ್ಚು ಮಾಡಿದವರೂ ಹಾಗೆ ಜೋಡಿಸಿಲ್ಲ. ಇದನ್ನು ತಿದ್ದುವುದು ಮೂಲಕ್ಕೆ ಮರಳುವುದು.

ಅಚ್ಚಾದ ಹೊಸ ಬರಹದಲ್ಲಿ ಎದ್ದು ಕಾಣುವ ಮುದ್ರಣದೋಷವಿದ್ದರೆ ಏನು ಮಾಡಬೇಕು ಎಂಬುದರಲ್ಲಿ ಹಿರಿಯ ಕೈಪಿಡಿಗಳಲ್ಲೇ ಒಮ್ಮತವಿಲ್ಲ. ಪುಸ್ತಕಗಳಿಗಾಗಿ ಬರೆದ ಶಿಕಾಗೊ ಶೈಲಿ ಕೈಪಿಡಿ ಅಂಥ ದೋಷವನ್ನು ಸದ್ದಿಲ್ಲದೆ ಸರಿಪಡಿಸಲು ಒಪ್ಪುತ್ತದೆ, ಹಳೆಯ ಕೃತಿ ಮತ್ತು ಹಸ್ತಪ್ರತಿಗಳ ವಿಚಿತ್ರ ಕಾಗುಣಿತವನ್ನು ಉಳಿಸಲು ಹೇಳುತ್ತದೆ. ಸುದ್ದಿಮನೆಗಳಿಗಾಗಿ ಬರೆದ ಅಸೋಸಿಯೇಟೆಡ್ ಪ್ರೆಸ್ ಕೈಪಿಡಿ ಉಲ್ಲೇಖದೊಳಗಿನ ಸಣ್ಣ ವ್ಯಾಕರಣ ತಪ್ಪನ್ನೂ ತಿದ್ದಬೇಡಿ ಎನ್ನುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಆಡಿದ ಮಾತನ್ನು ಅಚ್ಚಿಗೆ ತರುವಾಗ ಒಂದು ಅಕ್ಷರವೂ ಬದಲಾಗದೆ ಬರುವುದು ಅಸಾಧ್ಯ ಎಂಬುದನ್ನು ನ್ಯಾಯಾಲಯವೂ ಒಪ್ಪಿದೆ. ಮ್ಯಾಸನ್ ಎಂಬ ಮನೋವಿಶ್ಲೇಷಕ ತಾನು ಆಡದ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಾರೆಂದು ನ್ಯೂಯಾರ್ಕರ್ ಪತ್ರಿಕೆಯ ಮೇಲೆ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ಇದನ್ನು ವಿವರವಾಗಿ ಚರ್ಚಿಸಿತು. ಶಬ್ದ ಬದಲಾಯಿತು ಎಂದ ಮಾತ್ರಕ್ಕೆ ಅದು ಗೊತ್ತಿದ್ದೂ ಹೇಳಿದ ಸುಳ್ಳಾಗುವುದಿಲ್ಲ, ಅರ್ಥ ಗಣನೀಯವಾಗಿ ಬದಲಾದರೆ ಆಗುತ್ತದೆ ಎಂದಿತು. ಕಾನೂನು ಎಳೆದ ಗೆರೆ ಅದು. ನಮ್ಮ ಮೇಜಿನ ಗೆರೆ ಅದಕ್ಕಿಂತ ಬಿಗಿಯಾಗಿರಬೇಕು, ಏಕೆಂದರೆ ಅರ್ಥ ಬದಲಾಯಿತೋ ಇಲ್ಲವೋ ಎಂದು ನಿರ್ಧರಿಸುವಷ್ಟು ಆ ಮಾತು ನಮಗೆ ಗೊತ್ತಿದೆ ಎಂಬ ಭರವಸೆಯೇ ನನ್ನನ್ನು ‘ಮಠ’ಕ್ಕೆ ಕರೆದೊಯ್ದದ್ದು.

ಮಾತಾಡುವವರೇ ಬಾಯಿತಪ್ಪಿ ತಪ್ಪು ಹೇಳಿದ್ದರೆ? ‘ಇಪ್ಪತ್ತು ವರ್ಷ’ ಎನ್ನಬೇಕಾದಲ್ಲಿ ‘ಹತ್ತು ವರ್ಷ’ ಎಂದಿದ್ದರೆ, ಚಿಹ್ನೆಯೊಳಗೆ ಇಪ್ಪತ್ತು ಹಾಕಲು ಬರುವುದಿಲ್ಲ. ಅವರನ್ನೇ ಕೇಳಿ ಮತ್ತೆ ಹೇಳಿಸಿಕೊಳ್ಳಬೇಕು. ಆಗದಿದ್ದರೆ ಉದ್ಧರಣ ಚಿಹ್ನೆ ತೆಗೆದು ಲೇಖಕರ ಮಾತಿನಲ್ಲಿ ಸರಿಯಾದ ಸಂಗತಿ ಬರೆಯಬೇಕು.

‘[ಮೂಲದಂತೆ]’ ಎಂದು ಚೌಕಾವರಣದಲ್ಲಿ ಹಾಕುವುದು ಎಲ್ಲ ಗೊಂದಲಕ್ಕೂ ಮದ್ದಲ್ಲ. ಉಲ್ಲೇಖದಲ್ಲಿ ಇಸವಿಯೇ ತಪ್ಪಾಗಿದ್ದು, ಓದುಗರು ಅದನ್ನು ನಮ್ಮ ತಪ್ಪೆಂದು ತಿಳಿಯುವಂತಿದ್ದರೆ ಹಾಕಬೇಕು. ಅಕ್ಷರ ಕಲಿತದ್ದು ಕಡಿಮೆ ಇರುವವರೊಬ್ಬರು ಬರೆದ ಅರ್ಜಿಯ ಪ್ರತಿ ಸಾಲಿನಲ್ಲೂ ಹಾಕಿದರೆ ಅದು ಅವರನ್ನು ಮತ್ತೆಮತ್ತೆ ಬೆರಳು ಮಾಡಿ ತೋರಿಸಿದಂತೆ. ಅಂಥಲ್ಲಿ ಉಲ್ಲೇಖದ ಮೇಲೆ ಒಂದೇ ಸಾಲು ಸಾಕು: ‘ಕಾಗುಣಿತವನ್ನು ಅರ್ಜಿಯಲ್ಲಿರುವಂತೆಯೇ ಉಳಿಸಿದೆ.’

ಜಾಹೀರಾತಿನ ಸಲಿಗೆಯ ದನಿ ಮೇಲ್ನೋಟಕ್ಕೆ ಸುಲಭ, ಅಲ್ಲಿ ಬಾಯಿಯೂ ಕೈಯೂ ಒಬ್ಬರದೇ. ಬರೆದವರು ಬಾಯಿಮಾತನ್ನು ಬೇಕೆಂದೇ ಬರಹಕ್ಕೆ ತಂದಿರುತ್ತಾರೆ. ಆಪಲ್ ಕಂಪನಿಯ 1997ರ ಘೋಷವಾಕ್ಯ ‘ಥಿಂಕ್ ಡಿಫರೆಂಟ್’. ವ್ಯಾಕರಣದ ಪ್ರಕಾರ ‘ಡಿಫರೆಂಟ್ಲಿ’ ಎಂದಾಗಬೇಕಿತ್ತು ಎಂದು ಆಕ್ಷೇಪಿಸಿದವರು ಬಹಳ. ಆದರೆ ಹಾಗೆ ತಿದ್ದಿದರೆ ಹೇಳುವ ಮಾತೇ ಬೇರೆಯಾಗುತ್ತದೆ. ‘ಡಿಫರೆಂಟ್ಲಿ’ ಎಂದಾಗ ಬೇರೆ ರೀತಿಯಲ್ಲಿ ಯೋಚಿಸು ಎಂದಾಗುತ್ತದೆ. ‘ಡಿಫರೆಂಟ್’ ಎಂದಾಗ ‘ಥಿಂಕ್ ಬಿಗ್’ ಎಂಬ ನುಡಿಗಟ್ಟಿನ ಹಾಗೆ ಏನನ್ನು ಯೋಚಿಸಬೇಕೆಂಬುದರ ಕಡೆ ಬೆರಳು ತೋರುತ್ತದೆ. ತಿದ್ದಿದ ಮೇಲೆ ಅರ್ಥವೋ ದನಿಯೋ ಬದಲಾಗುವುದಾದರೆ ಆ ‘ತಪ್ಪು’ ಕೆಲಸ ಮಾಡುತ್ತಿದೆ ಎಂದೇ ಅರ್ಥ. ತಿದ್ದಿದರೂ ಏನೂ ಬದಲಾಗದಿದ್ದರೆ ಅದು ಅಲ್ಲಿ ಸುಮ್ಮನೆ ಬಂದು ಬಿದ್ದಿರುವುದು.

ಇಲ್ಲಿಯೂ ಒಂದು ತುಣುಕು ಕಟ್ಟಿ ನೋಡೋಣ:

‘ಆರ್ಡರ್ ಮಾಡ್ಬಿಟ್ರಾ? ಇನ್ನು ಆರಾಮಾಗಿರಿ. ನಿಮ್ ಬಾಗ್ಲಿಗೇ ಬರ್ತೀವಿ. ಇಷ್ಟ ಆಗ್ಲಿಲ್ವಾ? ನಿನ್ನ ಆರ್ಡರ್ 7 ದಿನದೊಳಗೆ ವಾಪಸ್ ಮಾಡದಿದ್ರೆ ಹಣ ಸಿಗತ್ತೆ.’

‘ಮಾಡ್ಬಿಟ್ರಾ’, ‘ನಿಮ್ ಬಾಗ್ಲಿಗೇ’, ‘ಸಿಗತ್ತೆ’ ಎಲ್ಲವೂ ಬಾಯಲ್ಲಿ ಸಲೀಸಾಗಿ ಹೊರಳುತ್ತವೆ, ಎಲ್ಲವೂ ಒಂದೇ ದನಿಯಲ್ಲಿವೆ, ಅವಕ್ಕೆ ಕೈ ಹಚ್ಚಬೇಕಿಲ್ಲ. ‘ನಿನ್ನ’ ತಾನಾಗಿ ತಪ್ಪಲ್ಲ, ಏಕವಚನದ ಸಲಿಗೆಯಲ್ಲೇ ಮಾತಾಡುವ ಬ್ರ್ಯಾಂಡುಗಳಿವೆ. ಆದರೆ ‘ಮಾಡ್ಬಿಟ್ರಾ’, ‘ನಿಮ್’ ಎಂದು ಬಹುವಚನದಲ್ಲಿ ಶುರು ಮಾಡಿ ನಡುವೆ ಏಕವಚನಕ್ಕೆ ಇಳಿದರೆ ಅದು ಸಲಿಗೆಯಲ್ಲ, ಎರಡು ಕೈ ಸೇರಿ ಬರೆದು ಯಾರೂ ಕೂಡಿಸಿ ಓದಿಲ್ಲ ಎಂಬುದರ ಗುರುತು. ಕನ್ನಡದಲ್ಲಿ ಈ ಜಾರುವಿಕೆಯನ್ನು ಓದುಗರು ಕಾಗುಣಿತಕ್ಕಿಂತ ಬೇಗ ಹಿಡಿಯುತ್ತಾರೆ, ಬೇಸರಪಟ್ಟುಕೊಳ್ಳುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಕೊನೆಯಲ್ಲಿದೆ. ‘ವಾಪಸ್ ಮಾಡದಿದ್ರೆ ಹಣ ಸಿಗತ್ತೆ.’ ಅಲ್ಲಿರಬೇಕಾದದ್ದು ‘ಮಾಡಿದ್ರೆ’. ಎರಡೂ ಸರಿಯಾದ ಆಡುಮಾತಿನ ರೂಪಗಳೇ, ಕಾಗುಣಿತ ಪರೀಕ್ಷಕಕ್ಕೆ ಸಿಕ್ಕದು, ಗಟ್ಟಿಯಾಗಿ ಓದಿದರೂ ನಾಲಗೆ ಎಡವದು. ‘ಮಾಡ್ಬಿಟ್ರಾ’ ಬೇಕೋ ‘ಮಾಡಿಬಿಟ್ಟಿರಾ’ ಬೇಕೋ ಎಂದು ವಾದಿಸುತ್ತ ಕೂತಾಗ ಇಂಥದ್ದು ಪಕ್ಕದಲ್ಲೇ ದಾಟಿಹೋಗುತ್ತದೆ. ಹಾಗಾಗಿ ಸಲಿಗೆಯ ಬರಹದಲ್ಲೂ ಹಣ, ದಿನ, ಅಳತೆ, ಎಚ್ಚರಿಕೆ, ಷರತ್ತು ಬರುವ ವಾಕ್ಯಗಳನ್ನು ನಾನು ಬೇರೆಯಾಗಿ, ಬರೀ ಅರ್ಥಕ್ಕಾಗಿ ಇನ್ನೊಮ್ಮೆ ಓದುತ್ತೇನೆ. ಆ ವಾಕ್ಯಗಳಲ್ಲಿ ದನಿ ಸ್ವಲ್ಪ ಗಟ್ಟಿಯಾದರೂ ಪರವಾಗಿಲ್ಲ ಎಂದು ಬರೆದವರಿಗೆ ತಿಳಿಸುತ್ತೇನೆ. ‘7 ದಿನದೊಳಗೆ ವಾಪಸ್ ಮಾಡಿದರೆ ಹಣ ಮರಳಿ ಬರುತ್ತದೆ’ ಎಂದರೆ ಸಲಿಗೆ ಕೆಡುವುದಿಲ್ಲ.

ಬಿಡುವುದೂ ಒಂದು ತೀರ್ಮಾನವಾದ್ದರಿಂದ ಅದನ್ನು ಬರೆದಿಡಬೇಕು. ನಾನು ಮುಟ್ಟದೆ ಬಿಟ್ಟದ್ದನ್ನು ನನ್ನ ನಂತರ ನೋಡುವವರು ‘ಇದು ತಪ್ಪಿಹೋಗಿದೆ’ ಎಂದು ತಿದ್ದಿಬಿಡುವುದು ದಿನವೂ ನಡೆಯುವ ಸಂಗತಿ. ಕಾಗದದ ಪ್ರೂಫಿನಲ್ಲಿ ಹಾಗೇ ಇರಲಿ ಎನ್ನಲು ಶಬ್ದದ ಕೆಳಗೆ ಚುಕ್ಕೆಗಳ ಸಾಲು ಹಾಕಿ ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆಯುವ ರೂಢಿ ಇದೆ, ‘ಇರಲಿ’ ಎಂಬ ಅರ್ಥದ ಲ್ಯಾಟಿನ್ ಶಬ್ದ ಅದು. ಕಡತದ ಜೊತೆ ಒಂದು ಚಿಕ್ಕ ಶಬ್ದಪಟ್ಟಿಯನ್ನೂ ಕಳಿಸುತ್ತೇನೆ: ಯಾರ ಮಾತು, ಯಾವ ರೂಪ, ಏನರ್ಥ, ಧ್ವನಿಮುದ್ರಿಕೆಯ ಎಷ್ಟನೇ ನಿಮಿಷದಲ್ಲಿ ಕೇಳಿದ್ದು. ಸಂದರ್ಶನವೊಂದಕ್ಕೆ ಹತ್ತು ಹದಿನೈದು ಶಬ್ದ ಬಂದರೆ ಹೆಚ್ಚು.

ಮೇಲಿನ ಸಂದರ್ಶನದ ತುಣುಕಿಗೆ ನನ್ನ ಅಂಚಿನ ಟಿಪ್ಪಣಿ ಇಷ್ಟೇ ಇರುತ್ತದೆ:

‘ಹೆಳ್ತಾಳ: ಹೇಳ್ತಾಳ ಎಂದು ತಿದ್ದಿದ್ದೇನೆ, ಕೈತಪ್ಪು. ವಿಶಯ: ವಿಷಯ ಎಂದು ತಿದ್ದಿದ್ದೇನೆ, ಉಚ್ಚಾರದಲ್ಲಿ ವ್ಯತ್ಯಾಸವಿಲ್ಲ, ಉಳಿದವರ ಮಾತಿನಲ್ಲೂ ಷಕಾರವೇ ಇದೆ. ಕಾಲೇಜಿನಲ್ಲಿ: ಬದಲಿಸಿಲ್ಲ. ಬೇರೆಡೆ ಊರಾಗ, ಮನ್ಯಾಗ ಎಂದಿದೆ. ಧ್ವನಿಮುದ್ರಿಕೆಯಲ್ಲಿ ಹೀಗೇ ಇದ್ದರೆ ಹೀಗೇ ಇರಲಿ, ದಯವಿಟ್ಟು ಕೇಳಿ ತಿಳಿಸಿ. ಮಟ = ತನಕ. ಹೇಳಾಕಿ = ಹೇಳುತ್ತಿದ್ದಳು. ಇವೆರಡನ್ನೂ ಯಾರೂ ತಿದ್ದಬಾರದು.’